ಅಕ್ಕನ ಮಗಳು ಇಳಿಯುವ ಹೊತ್ತು

ವಿಮಾನದ ಟಿಕೆಟ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕುಳಿತ ಅವರನ್ನು ಎಲ್ಲರೂ ಟೈಮ್ ಮಾಮ ಎನ್ನುತ್ತಿದ್ದರು. ಕಂಪ್ಯೂಟರ್ ಬರುವ ಮೊದಲೇ ಕೆಲಸಕ್ಕೆ ಸೇರಿದವರು. ಯಾವ ಊರಿನ ವಿಮಾನ ಎಷ್ಟು ಹೊತ್ತಿಗೆ ಎಲ್ಲಿ ಇಳಿಯುತ್ತದೆ ಎಂದು ಕೇಳಿದರೆ, ಪೆನ್ನು ಕಿವಿಯ ಮೇಲಿಂದ ಇಳಿಯುವ ಮುಂಚೆ ಉತ್ತರ ಬರುತ್ತಿತ್ತು. ಹೊಸಬರಿಗೆ ಅವರು ಹೇಳಿಕೊಡುತ್ತಿದ್ದುದು ಇಷ್ಟೇ: "ಹೊರಡೋ ಹೊತ್ತನ್ನ ಮೊದಲು ನಮ್ಮ ಗಡಿಯಾರಕ್ಕೆ ತಂದ್ಕೊ. ಆಮೇಲೆ ಹಾರಾಟದ ಗಂಟೆ ಕೂಡು. ಎರಡನ್ನೂ ಒಟ್ಟಿಗೆ ಮಾಡೋಕೆ ಹೋದ್ರೆ ಎರಡೂ ಕೆಡುತ್ತೆ."

ಇನ್ನೊಂದು ಮಾತನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ತೋರಿಸುತ್ತಿದ್ದರು. ಮೇಜಿನ ಗಾಜಿನ ಕೆಳಗೆ ಒಂದು ಹಾಳೆ ಇತ್ತು. ಕೆಲವು ದೇಶಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಹಿಂದಕ್ಕೆ ಸರಿಸುತ್ತಾರೆ. ಆ ತಾರೀಖುಗಳನ್ನು ಪ್ರತಿ ವರ್ಷ ತಮ್ಮ ಕೈಯಾರೆ ಬರೆದು ಅಲ್ಲಿ ಇಡುತ್ತಿದ್ದರು. ನಿವೃತ್ತಿಯ ದಿನ ಪೆನ್ನು, ಊಟದ ಡಬ್ಬಿ, ಕುರ್ಚಿಯ ದಿಂಬು ತಂದರು. ಹಾಳೆ ಗಾಜಿನ ಕೆಳಗೇ ಉಳಿಯಿತು.

ಮದುವೆಯಾಗಿರಲಿಲ್ಲ. ವಿಧವೆಯಾದ ಅಕ್ಕನ ಜೊತೆ ಒಂದೇ ಮನೆಯಲ್ಲಿದ್ದರು. ಅಕ್ಕನ ಒಬ್ಬಳೇ ಮಗಳು ದೂರದ ಬಂದರೊಂದರಲ್ಲಿ ಕ್ರೇನ್ ನಡೆಸುತ್ತಿದ್ದಳು. ಅವಳು ಹೋಗಿ ಆರು ವರ್ಷ. ಅಕ್ಕ ದಿನಕ್ಕೆ ನಾಲ್ಕು ಸಲವಾದರೂ ಅಡುಗೆಮನೆಯಿಂದಲೇ ಕೂಗುವಳು: "ಲೋ, ಈಗ ಅಲ್ಲಿ ಎಷ್ಟೋ?" ಟೈಮ್ ಮಾಮ ಪೇಪರಿನಿಂದ ತಲೆಯೆತ್ತದೆ ಹೇಳುವರು: "ಬೆಳಗಿನ ಜಾವ ಮೂರು. ಮಲಗಿರ್ತಾಳೆ, ಬಿಡು."

ಅಕ್ಕನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದಾಗ ಅದು ಮಿತಿ ಮೀರಿತ್ತು. ಕೊನೆಯ ವಾರ ಆಸ್ಪತ್ರೆಯಲ್ಲಿ, ಉಸಿರಿನ ಸಂಕಟ ತಡೆಯಲಾಗದೆ, ಸದಾ ನಿದ್ದೆಯಲ್ಲಿಡುವ ಔಷಧಿಯನ್ನು ಸಣ್ಣ ಪಂಪಿನಿಂದ ಕೊಡತೊಡಗಿದರು. ಟೈಮ್ ಮಾಮ ಅಕ್ಕನ ಮಗಳಿಗೆ ಹೇಳಿಕಳಿಸಿದರು. ಭಾನುವಾರ ಸಂಜೆ ಏಳಕ್ಕೆ ಅವಳ ಸಂದೇಶ ಬಂತು: "ಮಾಮ, ಟಿಕೆಟ್ ಸಿಕ್ತು. ಇವತ್ತು ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಹೊರಡುತ್ತೆ. ನೇರ ವಿಮಾನ, ಹದಿನಾಲ್ಕೂವರೆ ಗಂಟೆ. ಅಮ್ಮನಿಗೆ ಹೇಳಿ."

ಡಾಕ್ಟರಮ್ಮ ಮಂಚದ ಪಕ್ಕ ನಿಂತು ವಿಷಯ ವಿವರಿಸಿದರು. "ಮಗಳ ಜೊತೆ ಮಾತಾಡಿಸಬೇಕು ಅಂದ್ರೆ ಔಷಧಿ ನಿಲ್ಲಿಸಿ ಎಚ್ಚರ ಮಾಡಿಸಬಹುದು. ಆದರೆ ಒಂದೇ ಸಲ. ಎಚ್ಚರ ಆದಮೇಲೆ ಹೆಚ್ಚಂದ್ರೆ ಒಂದು ಗಂಟೆ ತಡ್ಕೋತಾರೆ, ಆಮೇಲೆ ಸಂಕಟ ಶುರುವಾಗುತ್ತೆ. ಅವರು ಎಷ್ಟೊತ್ತಿಗೆ ಬರ್ತಾರೆ, ಖಚಿತವಾಗಿ ಹೇಳಿ."

"ನಮಗೂ ಅಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ," ಎಂದರು ಟೈಮ್ ಮಾಮ. "ಅಲ್ಲಿ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು ಅಂದ್ರೆ ನಮಗೆ ರಾತ್ರಿ ಹತ್ತೂಕಾಲು. ಅದಕ್ಕೆ ಹದಿನಾಲ್ಕೂವರೆ ಕೂಡಿದ್ರೆ ನಾಳೆ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಪಾಸ್‌ಪೋರ್ಟು, ಬ್ಯಾಗು, ದಾರಿ ಎಲ್ಲಾ ಸೇರಿ ಒಂದೂವರೆ ಗಂಟೆ. ಎರಡೂಕಾಲಿಗೆ ಈ ಬಾಗಿಲಲ್ಲಿ ಇರ್ತಾಳೆ."

ನರ್ಸ್ ಫೋನು ಕೈಗೆತ್ತಿಕೊಂಡಳು. "ವಿಮಾನ ಯಾವುದು ಅಂತ ಹೇಳಿ ಸಾರ್, ಒಂದ್ಸಲ ನೋಡಿಬಿಡ್ತೀನಿ."

"ಬೇಡಮ್ಮ. ಇದು ನನ್ನ ಹೊಟ್ಟೆಪಾಡಾಗಿತ್ತು."

ಮೀನಿಗೆ ಈಜು ಹೇಳಿಕೊಡಲು ಹೊರಟೆನೇನೋ ಎನ್ನುವಂತೆ ಅವಳು ನಕ್ಕು ಫೋನನ್ನು ಜೇಬಿಗಿಟ್ಟಳು.

ಸೋಮವಾರ ಹನ್ನೆರಡೂವರೆಗೆ ಪಂಪು ನಿಲ್ಲಿಸಿದರು. ಪರಿಚಯದ ಡ್ರೈವರ್ ಅಷ್ಟರಲ್ಲಿ ವಿಮಾನ ನಿಲ್ದಾಣ ಸೇರಿದ್ದ. ಒಂದೂ ಇಪ್ಪತ್ತಕ್ಕೆ ಅಕ್ಕನ ರೆಪ್ಪೆಗಳು ಅಲುಗತೊಡಗಿದವು. ಅದೇ ಹೊತ್ತಿಗೆ ಫೋನು ನಡುಗಿತು.

"ಸಾರ್, ಇನ್ನೂ ಇಳಿದಿಲ್ಲ. ಬೋರ್ಡಲ್ಲಿ ಒಂದೂ ಮುಕ್ಕಾಲು ಅಂತ ಹಾಕಿದ್ದಾರೆ."

"ತಡ ಅಂತ ಬರೆದಿದ್ದಾರಾ?"

"ಇಲ್ಲ ಸಾರ್. ಸರಿಯಾದ ಟೈಮಿಗೇ ಬರ್ತಾ ಇದೆ ಅಂತಿದೆ."

ಟೈಮ್ ಮಾಮ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಗೋಡೆಯತ್ತ ನೋಡಿದರು. ನಿನ್ನೆ ಭಾನುವಾರ. ಆ ದೇಶದಲ್ಲಿ ಗಡಿಯಾರ ಹಿಂದಕ್ಕೆ ಸರಿಸುವ ಭಾನುವಾರ. ಅಲ್ಲಿನ ಗಡಿಯಾರಗಳು ಬೆಳಗಿನ ಜಾವವೇ ಒಂದು ಗಂಟೆ ಹಿಂದೆ ಹೋಗಿದ್ದವು. ಅವಳು ಹೊರಟಾಗ ವ್ಯತ್ಯಾಸ ಒಂಬತ್ತೂವರೆಯಲ್ಲ, ಹತ್ತೂವರೆ. ಹೊರಟದ್ದು ನಮ್ಮ ಹನ್ನೊಂದೂಕಾಲಿಗೆ. ಸಾವಿರಾರು ಅಪರಿಚಿತರಿಗೆ ಒಮ್ಮೆಯೂ ತಪ್ಪದೆ ಹೇಳಿದ್ದ ಲೆಕ್ಕ. ಫೋನನ್ನು ಕೆಳಗಿಟ್ಟು ಡಾಕ್ಟರಮ್ಮನತ್ತ ತಿರುಗಿದರು.

"ಮತ್ತೆ ಮಲಗಿಸೋಕಾಗುತ್ತಾ ಡಾಕ್ಟ್ರೇ? ಬರೀ ಒಂದು ಗಂಟೆ?"

ಡಾಕ್ಟರಮ್ಮ ನಾಡಿ ಹಿಡಿದಿದ್ದರು. "ಮಲಗಿಸಬಹುದು. ಮತ್ತೆ ಏಳಿಸೋ ಶಕ್ತಿ ಈ ದೇಹದಲ್ಲಿಲ್ಲ. ಕಾಯೋಣ. ತಡ್ಕೊಂಡ್ರೆ ತಡ್ಕೋಬಹುದು."

ಅಕ್ಕ ಕಣ್ಣು ಬಿಟ್ಟಾಗ ಒಂದೂ ನಲವತ್ತು. ಮುಖ ತಿಳಿಯಾಗಿತ್ತು. ತಮ್ಮನನ್ನು ಗುರುತಿಸಿದಳು.

"ಬಂದ್ಲಾ?"

"ಇಳಿತಾ ಇದ್ದಾಳೆ ಅಕ್ಕ."

"ಊಟ ಮಾಡಿದ್ದಾಳೋ ಇಲ್ವೋ." ಆಮೇಲೆ, "ಈಗ ಅಲ್ಲಿ ಎಷ್ಟೋ?" ಎಂದಳು.

ಮೊದಲ ಬಾರಿಗೆ ಟೈಮ್ ಮಾಮನಿಗೆ ಲೆಕ್ಕ ಬರಲಿಲ್ಲ. "ಅವಳು ಅಲ್ಲಿಲ್ವಲ್ಲ ಅಕ್ಕ, ಇಲ್ಲೇ ಇದ್ದಾಳೆ," ಎಂದರು. ಅಕ್ಕ ಅದನ್ನು ತಮಾಷೆ ಎಂದುಕೊಂಡು ನಗಲು ನೋಡಿದಳು.

ಎರಡೂ ಇಪ್ಪತ್ತರವರೆಗೆ ಅವಳು ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ಉಸಿರು ಕಟ್ಟತೊಡಗಿತು. ದಿಂಬಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಳು. ತುಟಿ ನೀಲಿಗಟ್ಟಿತು. "ಇನ್ನೊಂಚೂರು, ಅಕ್ಕ," ಎಂದು ಟೈಮ್ ಮಾಮ ಎರಡು ಸಲ ಹೇಳಿದರು. ಅಕ್ಕನೇ ತಲೆಯಾಡಿಸಿ ಡಾಕ್ಟರಮ್ಮನ ಕೈ ಎಳೆದಳು. ಎರಡೂ ಮೂವತ್ತೈದಕ್ಕೆ ಪಂಪು ಮತ್ತೆ ಶುರುವಾಯಿತು.

ಎರಡೂ ಮುಕ್ಕಾಲಿಗೆ ಡ್ರೈವರ್ ಫೋನಿನಿಂದ ಅಕ್ಕನ ಮಗಳ ದನಿ ಬಂತು. ಅವಳ ಫೋನಿಗೆ ಇಲ್ಲಿ ಸಂಪರ್ಕ ಸಿಕ್ಕಿರಲಿಲ್ಲ. ನರ್ಸ್ ಫೋನನ್ನು ಅಕ್ಕನ ಕಿವಿಗೆ ಹಿಡಿದಳು. "ಅಮ್ಮಾ, ಬಂದೆ ಕಣಮ್ಮಾ, ಅರ್ಧ ಗಂಟೆ," ಎನ್ನುವುದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಅಕ್ಕನಿಗೆ ಕೇಳಿಸಿತೋ ಇಲ್ಲವೋ, ಹೇಳುವವರಿಲ್ಲ.

ಮೂರೂಕಾಲಿಗೆ ಮಗಳು ಓಡಿಬಂದಳು. ಅಮ್ಮನ ಕೈ ಹಿಡಿದು ರಾತ್ರಿಯಿಡೀ ಕುಳಿತಳು. ಆ ಕೈ ಅಲುಗಲಿಲ್ಲ. ಮಂಗಳವಾರ ಬೆಳಗ್ಗೆ ಉಸಿರು ನಿಂತಿತು.

ವಿಮಾನ ತಡವಾಯಿತು ಎಂದು ಹೇಳಿಬಿಡಬಹುದಿತ್ತು. ಟೈಮ್ ಮಾಮ ಹಾಗೆ ಹೇಳಲಿಲ್ಲ. ಮೂರನೆಯ ದಿನ, ಅಕ್ಕನ ಬಟ್ಟೆಗಳನ್ನು ಮಡಚುತ್ತಿದ್ದ ಅವಳೆದುರು ಕುಳಿತು ಎಲ್ಲವನ್ನೂ ಹೇಳಿದರು: ಒಂಬತ್ತೂವರೆ, ಹತ್ತೂವರೆ, ಭಾನುವಾರ, ನರ್ಸ್ ಕೈಗೆತ್ತಿಕೊಂಡ ಫೋನು.

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. "ಅಮ್ಮ ಏನೇನು ಕೇಳಿದ್ಲು?"

ಹೇಳಿದರು, ಒಂದು ಮಾತೂ ಬಿಡದೆ.

"ಆ ನರ್ಸ್ ನೋಡ್ತೀನಿ ಅಂದಾಗ ಯಾಕೆ ಬೇಡ ಅಂದ್ರಿ ಮಾಮ?"

ಅವರು ಮಡಚಿಟ್ಟ ಸೀರೆಯೊಂದರ ಅಂಚು ಸರಿಮಾಡಿದರು. ಅವಳು ಸೀರೆಗಳ ಗಂಟು ಎತ್ತಿಕೊಂಡು ಒಳಗೆ ಹೋದಳು. ಬೈಯಲಿಲ್ಲ. ಹಿಂತಿರುಗುವ ಟಿಕೆಟ್ಟನ್ನು ತಾನೇ ಮಾಡಿಸಿಕೊಂಡಳು. ಹೊರಡುವಾಗ ಕಾಲಿಗೆ ನಮಸ್ಕರಿಸಿ, "ಆರೋಗ್ಯ ನೋಡ್ಕೊಳ್ಳಿ," ಎಂದಳು.

ಆಮೇಲೆ ಅವಳ ಫೋನು ತಿಂಗಳಿಗೊಮ್ಮೆ ಬರುತ್ತದೆ, ಎರಡು ನಿಮಿಷ. ಬೀದಿಯವರು ಈಗಲೂ ಪ್ರಯಾಣದ ಚೀಟಿ ಹಿಡಿದು ಟೈಮ್ ಮಾಮನ ಬಾಗಿಲು ತಟ್ಟುವುದುಂಟು. ಅವರು ಕನ್ನಡಕ ಹುಡುಕುವವರಂತೆ ಜೇಬು ತಡಕಿ, "ಆಫೀಸಿನಲ್ಲೇ ಕೇಳ್ಬಿಡಿ, ನನಗೆ ಗೊತ್ತಾಗಲ್ಲ," ಎಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ.