ಮರಿಯಂ ಹಿಂದಿನ ಆಕಾಶ

ಕೊಟ್ಟಿಗೆಹಾರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಜಿಯಾಉದ್ದೀನನ ಬಳಿ ತೀರಿಕೊಂಡ ಹೆಂಡತಿ ಮರಿಯಂಳ ಒಂದೇ ಫೋಟೋ ಉಳಿದಿತ್ತು, ದೇವರಮನೆ ಗುಡ್ಡದ ಸಂಜೆಯದು. ಅದನ್ನು ಕಂಪ್ಯೂಟರಿಗೆ ಹಾಕಿ, ಹಳೆಯ ಸಣ್ಣ ಸಣ್ಣ ಚುಕ್ಕೆಗಳನ್ನೆಲ್ಲ ಒರೆಸಿ, ಆಕಾಶವನ್ನು ನುಣ್ಣಗೆ ಮಾಡಿ ದೊಡ್ಡ ಪ್ರಿಂಟ್ ತೆಗೆದ. ಕೇಸರಿಯಿಂದ ನೀಲಿಗೆ ಮೆಲ್ಲಗೆ ತಿರುಗಬೇಕಾದ ಬಣ್ಣ ಪಟ್ಟೆ ಪಟ್ಟೆಯಾಗಿ ನಿಂತಿತ್ತು.

“ಇದೇನು ಮಾರಾಯ, ಆಕಾಶಕ್ಕೆ ಮೆಟ್ಟಿಲು ಕಟ್ಟಿದ್ದೀಯಲ್ಲ!” ಎಂದ ಪಕ್ಕದ ಹೋಟೆಲಿನ ಮಂಜಯ್ಯ.

“ನುಣ್ಣಗೆ ಮಾಡಿದ್ದೇ ಹೆಚ್ಚಾಯ್ತು ಮಾರಾಯ.”

ಜಿಯಾಉದ್ದೀನ್ ಈ ಸಲ ಸೇವ್ ಮಾಡುವ ಮುಂಚೆ ಆಕಾಶದ ತುಂಬ ಕಂಡೂ ಕಾಣದಷ್ಟು ನಾಯ್ಸ್, ಅಂದರೆ ಒರೆಸಿ ಹಾಕಿದಂಥದೇ ಪುಟ್ಟ ಪುಟ್ಟ ಚುಕ್ಕೆಗಳನ್ನು, ಉದುರಿಸಿದ. ಪಟ್ಟೆಗಳ ಅಂಚು ಒಡೆದು ಬಣ್ಣಗಳು ಒಂದರೊಳಗೊಂದು ಕರಗಿದವು.

“ಈಗ ಸಂಜೆ ಥರ ಕಾಣ್ತದೆ ನೋಡು,” ಎಂದ ಮಂಜಯ್ಯ.

“ಹೌದು. ಆ ಬೆಳಕಲ್ಲಿ ಅವಳ ಪಕ್ಕ ಇನ್ನೊಂದು ಗಳಿಗೆ ನಿಲ್ಬೇಕು ಅನ್ನಿಸ್ತದೆ,” ಎಂದ ಜಿಯಾಉದ್ದೀನ್.