ಚುಕ್ಕಿ ಹಾಕಿ ಬರೆದ ಮೇಲ್

ನಮ್ಮ ಸಾವುಕಾರರಿಗೆ ಮಾತು ಶುರು ಮಾಡುವುದು ಗೊತ್ತಿತ್ತು, ಮುಗಿಸುವುದು ಗೊತ್ತಿರಲಿಲ್ಲ. ತಾಂಡೂರಿನಲ್ಲಿ ಅವರದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಕಾರ್ಖಾನೆ. ಅಲ್ಲಿ ಲಾರಿ ತುಂಬಿಸುವ ಉಸ್ತುವಾರಿ ನನ್ನದು. ಅವರ ಮಾತು ಕೇಳಿಯೇ ನನ್ನ ತಲೆ ನರೆತದ್ದು. ಯಾರೇ ಬರಲಿ, ಮೊದಲು ಚಹಾ, ಆಮೇಲೆ ಮನೆಮಂದಿಯ ಕ್ಷೇಮ, ಆಮೇಲೆ ಮಳೆ, ತೊಗರಿ ಧಾರಣೆ. ಕಲ್ಲಿನ ಸುದ್ದಿ ಬರುವಷ್ಟರಲ್ಲಿ ಎರಡನೆಯ ಚಹಾ ಬಂದಿರುತ್ತಿತ್ತು. ನಮ್ಮ ಕಡೆ ಅದೇ ಮರ್ಯಾದೆ, ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ಇಮೇಲನ್ನೂ ಹಾಗೆಯೇ ಬರೆಸತೊಡಗಿದರು ನೋಡಿ, ಅಲ್ಲಿ ಕೆಟ್ಟಿತು.

ನಮ್ಮ ದೊಡ್ಡ ಗಿರಾಕಿ ಪುಣೆಯ ಒಬ್ಬ ಇಂಜಿನಿಯರ್. ಕಟ್ಟಡದ ಮೇಲೆ ನಿಂತು ಫೋನಿನಲ್ಲೇ ಮೇಲ್ ನೋಡುವ ಮನುಷ್ಯ. ಸಾವುಕಾರರ ಮೇಲಿಗೆ ಅವನಿಂದ ಉತ್ತರವೇ ಬರುತ್ತಿರಲಿಲ್ಲ. "ಸುಮ್ಮಿದ್ದಾನ ಅಂದ್ರ ಒಪ್ಪಿದಂಗ" ಅಂತ ಇವರು ಲಾರಿ ಬಿಡುತ್ತಿದ್ದರು. ಹಾಗೆ ಬಿಟ್ಟ ಒಂದು ಲೋಡಿನಲ್ಲಿ ನೀಲಿ ಬೇಕಾದಲ್ಲಿ ಹಳದಿ ಕಲ್ಲು ಹೋಯಿತು. ಇಂಜಿನಿಯರ್ ಫೋನ್ ಮಾಡಿ, ಇನ್ನೊಮ್ಮೆ ಹೀಗಾದರೆ ಕಲ್ಲು ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದ. ಅವನು ಹೋದರೆ ನಮ್ಮ ಎರಡನೆಯ ಮಷೀನಿಗೆ ಕೆಲಸವಿಲ್ಲ.

ಅದೇ ಸುಮಾರಿಗೆ ಕಚೇರಿಗೆ ಒಬ್ಬ ಹುಡುಗಿ ಬಂದಿದ್ದಳು. ನ್ಯಾಲ್ಕಲ್ ಕಡೆಯ ಕುರಿ ಸಾಕುವವರ ಮಗಳು. ಜಹೀರಾಬಾದಿನಲ್ಲಿ ಡಿಗ್ರಿ ಮುಗಿಸಿ, ಇಲ್ಲಿ ಸ್ಟೇಷನ್ ಹತ್ತಿರ ಕೋಣೆ ಹಿಡಿದಿದ್ದಳು. ಆ ಮನೆಯಿಂದ ಕಚೇರಿಯ ಕುರ್ಚಿಯಲ್ಲಿ ಕುಳಿತವಳು ಇವಳೇ ಮೊದಲು. ಸಾವುಕಾರರು ನನ್ನನ್ನು ಪಕ್ಕಕ್ಕೆ ಕರೆದು, "ಈ ತಿಂಗಳು ನೋಡಮು. ಗಿರಾಕಿ ಹೋದ್ರ ಈಕಿಗೂ ರಾಮ್ ರಾಮ್ ಹೇಳದು" ಎಂದಿದ್ದರು. ಅವಳಿಗೂ ಅದು ಗೊತ್ತಿತ್ತು. ಆದರೂ ಅವಳ ಮುಖದಲ್ಲಿ ಒಂದು ಚೂರು ಅಂಜಿಕೆ ಕಾಣಲಿಲ್ಲ. ಎಲಾ ಇವಳ, ಅಂದುಕೊಂಡೆ.

ಆ ಇಂಜಿನಿಯರ್ ಕಟ್ಟಿಸುತ್ತಿದ್ದ ಪುಣೆಯ ಒಂದು ಶಾಲೆಗೆ ಲೋಡ್ ಹೊರಡುವ ದಿನ. ಮೆಟ್ಟಿಲಿನ ಕಲ್ಲಿಗೂ ಪಾಲಿಶ್ ಹೊಡೆದು ಜೋಡಿಸಿಟ್ಟಿದ್ದೆವು. ಮೆಟ್ಟಿಲಿಗೆ ಪಾಲಿಶ್ ಬೇಕೋ ಬೇಡವೋ ಎಂದು ಆರ್ಡರಿನಲ್ಲಿ ಇರಲಿಲ್ಲ. ಸಾವುಕಾರರು ಇಮೇಲಿನಲ್ಲಿ ಕೇಳಿದ್ದರು, ಉತ್ತರ ಬಂದಿರಲಿಲ್ಲ. ಇಂಜಿನಿಯರ್ ಫೋನ್ ಎತ್ತುತ್ತಿರಲಿಲ್ಲ. ಹುಡುಗಿ ಆ ಹಳೆಯ ಮೇಲ್ ತೆಗೆದು ನನಗೆ ತೋರಿಸಿದಳು. ತಲೆಯಿಂದ ಬುಡದವರೆಗೆ ಒಂದೇ ಪ್ಯಾರಾ! ಕ್ಷೇಮ, ಮಳೆ, ಡ್ರೈವರನ ಮೊಣಕಾಲು ನೋವು, ಅದರ ಬೆನ್ನಿಗೆ ಮೆಟ್ಟಿಲಿನ ಪ್ರಶ್ನೆ, ಮತ್ತೆ ಡೀಸೆಲ್.

"ಕಾಕಾ, ಇದರಾಗ ಪ್ರಶ್ನೆ ಎಲ್ಲೈತಿ ಹುಡುಕ್ರಿ" ಅಂದಳು.

ನಾನು ಕನ್ನಡಕ ಏರಿಸಿ, ಬೆರಳಿಟ್ಟು ಹುಡುಕಿದೆ. ಬೆವರು ಬಂತು.

ಅವಳು ಇಂಗ್ಲಿಷಿನಲ್ಲಿ ಹೊಸದೊಂದು ಬರೆದಳು. ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು:

ವಿಷಯ: ಶಾಲೆಯ ಲೋಡ್, ಮಧ್ಯಾಹ್ನದೊಳಗೆ ಮೂರು ಉತ್ತರ ಬೇಕು

ನಮಸ್ಕಾರ ಸರ್. ಶಾಲೆಯ ಕಲ್ಲು ಇಂದು ಸಂಜೆ ಹೊರಡುತ್ತದೆ. ಅದಕ್ಕೆ ಮೊದಲು ಇವಕ್ಕೆ ಉತ್ತರ ಕೊಡಿ:

1. ಕೋಣೆಗಳ ನೆಲಕ್ಕೆ ನೀಲಿ ಕಲ್ಲು. ಸರಿಯೇ?
2. ಮೆಟ್ಟಿಲಿಗೆ ಪಾಲಿಶ್ ಬೇಕೋ, ಬೇಡವೋ?
3. ಲಾರಿ ಯಾವ ಗೇಟಿಗೆ ಬರಬೇಕು?

ಜೊತೆಗೆ ಬರುತ್ತಿರುವುದು:

• ಗೋಡೆಯಂಚಿನ ಪಟ್ಟಿಗಳು
• ಒಡೆದರೆ ಇರಲಿ ಎಂದು ಕೆಲವು ಹೆಚ್ಚಿನ ಕಲ್ಲು

ನಿಮ್ಮ ಉತ್ತರ ಬರುವತನಕ ಲಾರಿ ತುಂಬುವುದಿಲ್ಲ.

ಅಷ್ಟೇ. ಉತ್ತರ ಬೇಕಾದದ್ದಕ್ಕೆ ಅಂಕಿ, ಬರೀ ತಿಳಿಯಬೇಕಾದದ್ದಕ್ಕೆ ಚುಕ್ಕಿ. "ಅಂಕಿ ಇದ್ರ ಅವರು ಒಂದು, ಎರಡು ಅಂತ ಬರದು ಕಳಸ್ತಾರ್ರಿ. ಏಣಿ ಮ್ಯಾಲ ನಿಂತವರಿಗೆ ಅಷ್ಟೇ ಆಗ್ತದ" ಎಂದಳು. ಇಷ್ಟು ವರ್ಷ ನಮಗ್ಯಾರಿಗೂ ಹೊಳೆಯಲಿಲ್ಲವಲ್ಲ! ನನಗಂತೂ ಅವಳ ಬೆನ್ನು ಚಪ್ಪರಿಸಬೇಕೆನಿಸಿತು.

ಅದನ್ನು ಓದಿಸಿ ಕೇಳಿದ್ದೇ ಸಾವುಕಾರರು ಕೆಂಡವಾದರು. "ಏನವ್ವಾ ಇದು, ಕಿರಾಣಿ ಚೀಟಿ? ಮನಿಮಂದಿ ಹ್ಯಾಂಗಿದ್ದಾರ ಅಂತ ಒಂದ್ ಮಾತು ಇಲ್ಲ. ನಮ್ ಮಾನ ಏನಾತು?"

"ನಮಸ್ಕಾರ ಮೊದಲನೇ ಸಾಲಿನಾಗೇ ಐತ್ರಿ ಸಾವ್ಕಾರ್ರ. ಕ್ಷೇಮ ಫೋನಿನಾಗ ಕೇಳ್ರಿ, ಅವರಿಗೂ ಖುಷಿ ಆಗ್ತದ. ಇದು ಅವರು ನಿಂತಲ್ಲೇ ಓದೋದು."

"ಓದಿಲ್ಲಂದ್ರ?"

"ಓದಿಲ್ಲಂದ್ರ ನಾ ಊರಿಗೆ ಹೋಗ್ತೀನ್ರಿ. ಕುರಿ ಅದಾವ."

ಸಾವುಕಾರರು ಚಹಾ ತರಲು ಹೇಳಿ, "ಆತು, ಕಳಸು" ಎಂದರು. ಕಳಿಸಿ, ಎಲ್ಲರೂ ಆ ಕಂಪ್ಯೂಟರಿನ ಮುಂದೆ ಕುಳಿತೆವು.

ಮೊದಲ ಚಹಾದ ಲೋಟ ಕೆಳಗಿಡುವುದರೊಳಗೆ ಉತ್ತರ ಬಂತು. ಒಂದು, ಸರಿ. ಎರಡು, ಮೆಟ್ಟಿಲಿಗೆ ಪಾಲಿಶ್ ಬೇಡವೇ ಬೇಡ; ಇದು ಕಣ್ಣು ಕಾಣದ ಮಕ್ಕಳ ಶಾಲೆ, ಜಾರಿ ಬಿದ್ದಾರು. ಮೂರು, ಹಿಂದಿನ ಗೇಟು.

ಎರಡನೆಯ ಸಾಲು ಕೇಳಿ ನಾನು ಹೊರಗೆ ನೋಡಿದೆ. ಕನ್ನಡಿಯಂಥ ಆ ಮೆಟ್ಟಿಲುಗಳು ಅಂಗಳದಲ್ಲಿ ಫಳಫಳ ಅನ್ನುತ್ತಿದ್ದವು. ಸಾವುಕಾರರು "ಅಯ್ಯೋ ದೇವ್ರೇ" ಎಂದು ಗಲ್ಲ ಬಡಿದುಕೊಂಡರು. ನಾನು ಹೊರಗೆ ಓಡಿ ಆ ಜೋಡಣೆ ಬಿಚ್ಚಿಸಿ, ಪಾಲಿಶ್ ಆಗದ ಕಲ್ಲನ್ನು ಅದೇ ಅಳತೆಗೆ ಕೊಯ್ಯಿಸಲು ಹಚ್ಚಿದೆ.

ತಿರುಗಿ ಬಂದಾಗ ಸಾವುಕಾರರು ಇನ್ನೂ ಪರದೆಯ ಮುಂದೆಯೇ ಇದ್ದರು. ಉತ್ತರದ ಕೆಳಗೆ ಇನ್ನೆರಡು ಸಾಲಿದ್ದವು, ಹುಡುಗಿ ಓದಿ ಹೇಳಿದಳು: ನಿಮ್ಮ ಕಚೇರಿಯ ಮೇಲ್ ಕೊನೆತನಕ ಓದಿದ್ದು ಇದೇ ಮೊದಲು. ಹಳೆಯವನ್ನು ಪುರುಸೊತ್ತಾದಾಗ ಓದೋಣವೆಂದು ಎತ್ತಿಟ್ಟಿದ್ದೇನೆ.

"ಹಂಗಾರ..." ಎಂದು ಸಾವುಕಾರರು ತಡೆದರು. "ಹಂಗಾರ ಮಗಳ ಮದುವಿಗಿ ಕರದಿದ್ನಲ್ಲ, ಅದೂ ಓದಿಲ್ಲ ಏನು?"

ಹುಡುಗಿ ಹುಡುಕಿ ತೆಗೆದಳು. ಮದುವೆಯ ಕರೆ ಇತ್ತು; ಕಲ್ಲಿನ ದಪ್ಪಕ್ಕೂ ಲಾರಿ ಬಾಡಿಗೆಗೂ ನಡುವೆ ಸಿಕ್ಕಿಕೊಂಡಿತ್ತು.

ಅವನು ಮದುವೆಗೆ ಬರಲಿಲ್ಲವೆಂದು ಸಾವುಕಾರರು ಒಳಗೊಳಗೇ ನೊಂದಿದ್ದರಂತೆ. ಒಂದು ಮಾತೂ ಬಾಯಿ ಬಿಟ್ಟಿರಲಿಲ್ಲ, ಅಷ್ಟು ಮಾತಾಡುವ ಮನುಷ್ಯ! ಈಗ ಕೆಳಗಿನ ದನಿಯಲ್ಲಿ, "ತಂಗಿ, ಮೊಮ್ಮಗಳ ತೊಟ್ಟಿಲ ಕಾರ್ಯ ಐತಿ ಮುಂದಿನ ಐತವಾರ. ಅವನಿಗೆ ಬರೀ. ಚುಕ್ಕಿ ಹಾಕು, ಅಂಕಿ ಹಾಕು, ನಿಂಗ ತಿಳದಂಗ ಬರೀ" ಎಂದರು.

"ಇದಕ್ಕ ಚುಕ್ಕಿ ಬ್ಯಾಡ್ರಿ" ಅಂದಳು ಆಕೆ. "ಇದು ಒಂದೇ ಮಾತು. ಇದಕ್ಕ ಬ್ಯಾರೇ ಮೇಲ್ ಬೇಕು. ನೀವು ಹೇಳ್ರಿ, ನಾ ಬರೀತೀನಿ."

ಸಾವುಕಾರರು ಬಾಯಿ ತೆರೆದು, ಮುಚ್ಚಿ, ಕೊನೆಗೆ ಹೇಳಿದ್ದು ಇಷ್ಟೇ: "ನೀವು ಬರಬೇಕು. ಬಂದ್ರ ನನಗ ಭಾಳ ಸಂತೋಷ." ಅವಳು ಅದನ್ನೇ ಬರೆದು, ಕೆಳಗೆ ದಿನ, ಹೊತ್ತು, ಮನೆಯ ಗುರುತು ಹಾಕಿದಳು.

ಮೆಟ್ಟಿಲ ಕಲ್ಲು ಲಾರಿ ಏರುವ ಹೊತ್ತಿಗೆ ಉತ್ತರ ಬಂತು: ಮದುವೆಯಾದದ್ದೇ ಗೊತ್ತಿರಲಿಲ್ಲ, ಕ್ಷಮಿಸಿ. ಈ ಸಲ ಮನೆಯವರನ್ನೂ ಕರೆದುಕೊಂಡು ಬರುತ್ತೇನೆ.

ಸಾವುಕಾರರು ಅದನ್ನು ಎರಡು ಸಲ ಓದಿಸಿಕೊಂಡು, ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಯಾರೋ ಅವಳನ್ನು ಕಳಿಸಲು ಹೊರಟಿದ್ದಾರೆ ಎಂಬಂತೆ ಸಿಟ್ಟಿನಿಂದ, "ಈ ಹುಡುಗಿನ್ನ ಎಲ್ಲಿಗೂ ಕಳಸಬ್ಯಾಡ್ರಿ" ಎಂದರು.