ಮೂರು ಸಾಲ, ಒಂದು ಕಾರು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವುದು ಅವಳ ಕೆಲಸ. ಬಿಡುವಿನಲ್ಲಿ ಯಾರ ಚೀಟಿ, ಯಾರ ಕಂತು, ಯಾರ ಓವರ್‌ಟೈಮ್ ಎಂದು ಎಲ್ಲರ ಲೆಕ್ಕವನ್ನೂ ಬಾಯಲ್ಲೇ ಮಾಡಿ ಬಿಸಾಡುತ್ತಿದ್ದಳು. ತಪ್ಪು ಹುಡುಕಲು ಹೋದವರು ಬೆಪ್ಪಾಗಿ ವಾಪಸ್ಸು ಬರುತ್ತಿದ್ದರು. ಆ ಹೆಮ್ಮೆ ಅವಳಿಗೂ ಸ್ವಲ್ಪ ಜಾಸ್ತಿಯೇ ಇತ್ತು ಎನ್ನಬೇಕು.

ಆ ತಿಂಗಳು ಲ್ಯಾಬಿನ ಡಾಕ್ಟರು ಅವಳನ್ನು ಒಳಗೆ ಕರೆದರು. ಸ್ಕೂಟರಿನಲ್ಲಿ ಸುತ್ತುವ ಹತ್ತಿರದ ಬಡಾವಣೆಗಳಿಗೆ ಹೊಸ ಶಾಖೆ ಬರುತ್ತದೆ, ಆ ರೂಟು ಇನ್ನಿಲ್ಲ. ಊರಾಚೆಯ ರೂಟು ಉಂಟು, ಸಂಬಳವೂ ಹೆಚ್ಚು, ಆದರೆ ಐಸ್ ಪೆಟ್ಟಿಗೆ ಇಟ್ಟುಕೊಂಡು ಅಷ್ಟು ದೂರ ಹೋಗಿ ಬರಲು ಸ್ವಂತ ಕಾರು ಬೇಕು.

"ಒಂದನೇ ತಾರೀಖಿಗೆ ಕಾರಿದ್ರೆ ರೂಟು ನಿಮ್ದು. ಇಲ್ದಿದ್ರೆ ಬೇರೆಯವರು ಕಾಯ್ತಾ ಇದಾರೆ," ಎಂದರು ಡಾಕ್ಟರು.

ಒಂದನೇ ತಾರೀಖಿಗೆ ಇನ್ನು ಹನ್ನೊಂದೇ ದಿನ. ಗಂಡ ದರ್ಜಿ, ಬಟ್ಟೆ ಸಣ್ಣ ಮಾಡುವುದು, ದೊಡ್ಡ ಮಾಡುವುದಷ್ಟೇ ಈಗ ಉಳಿದಿರುವ ವ್ಯಾಪಾರ. ಅವಳ ಕೆಲಸ ಹೋದರೆ ಮನೆ ನಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. 

ಹಳೇ ಕಾರು ಮಾರುವವನ ಜಾಗ ಹೆದ್ದಾರಿಯ ಪಕ್ಕ, ತಗಡಿನ ಬೇಲಿಯೊಳಗೆ. ಬೂದು ಬಣ್ಣದ ಕಾರೊಂದನ್ನು ಎಲ್ಲಕ್ಕೂ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ಐದು ವರ್ಷ ಹಳೆಯದು, ಐದು ಲಕ್ಷ. ಆ ಬೆಲೆಗೆ ಅಷ್ಟು ಒಳ್ಳೆಯ ಕಾರು ಆ ಸಾಲಿನಲ್ಲಿ ಇನ್ನೊಂದಿರಲಿಲ್ಲ. ಅವಳ ಕೈಯಲ್ಲಿ ಒಂದು ಲಕ್ಷವಿತ್ತು.

"ಉಳಿದ ನಾಲ್ಕಕ್ಕೆ ತಲೆ ಕೆಡಿಸ್ಕೋಬೇಡಿ ಅಕ್ಕಾ, ಫೈನಾನ್ಸ್ ನಮ್ಮಲ್ಲೇ ಇದೆ," ಎಂದ ಅವನು. "ಬರೀ ಒಂಬತ್ತು ಪರ್ಸೆಂಟು. ಬ್ಯಾಂಕಿನವರು ಹನ್ನೆರಡೂವರೆ ಕೇಳ್ತಾರೆ ನೋಡಿ."

ಲೆಕ್ಕದಕ್ಕ ಮನಸ್ಸಿನಲ್ಲೇ ನಕ್ಕಳು. ಅವನ ಒಂಬತ್ತು ಮೊದಲ ದಿನದ ನಾಲ್ಕು ಲಕ್ಷದ ಮೇಲೆ, ಕೊನೆಯ ತಿಂಗಳವರೆಗೂ. ನಾಲ್ಕು ವರ್ಷಕ್ಕೆ ಒಂದು ಲಕ್ಷ ನಲವತ್ತನಾಲ್ಕು ಸಾವಿರ ಬಡ್ಡಿ. ತೀರಿಸಿಬಿಟ್ಟ ಅಸಲಿಗೂ ಬಡ್ಡಿ ಕಟ್ಟುತ್ತಲೇ ಇರಬೇಕು. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕಕ್ಕೆ ಇಳಿಸಿದರೆ ಅದು ಹದಿನಾರರ ಹತ್ತಿರ ಬರುತ್ತದೆ. ಮೇಲೆ ಫೈಲ್ ಚಾರ್ಜು ಹನ್ನೆರಡು ಸಾವಿರ, ಬೇಕಾಗಲಿ ಬೇಡವಾಗಲಿ ಒಂದು ಇನ್ಶೂರೆನ್ಸು ಒಂಬತ್ತು ಸಾವಿರ.

ಮರುದಿನ ಬ್ಯಾಂಕಿಗೆ ಹೋದಳು. ಸಾಲದ ವಿಭಾಗದಲ್ಲಿದ್ದಾಕೆ ಕನ್ನಡಕ ಸರಿಮಾಡಿಕೊಂಡು ಎರಡು ದಾರಿ ಹೇಳಿದಳು. ಕಾರಿನ ಸಾಲವಾದರೆ ಹನ್ನೆರಡೂವರೆ ಪರ್ಸೆಂಟು, ನಾಲ್ಕು ವರ್ಷಕ್ಕೆ ಬಡ್ಡಿ ಒಟ್ಟು ಒಂದು ಲಕ್ಷ ಹತ್ತು ಸಾವಿರ, ಖರ್ಚು ಆರೂವರೆ ಸಾವಿರ. ಪರ್ಸನಲ್ ಲೋನಾದರೆ ಹದಿನೈದು, ಬಡ್ಡಿ ಒಂದು ಲಕ್ಷ ಮೂವತ್ತನಾಲ್ಕು ಸಾವಿರ, ಖರ್ಚು ಎಂಟು ಸಾವಿರ.

"ಕಾರಿನ ಸಾಲಕ್ಕೆ ನಮ್ಮ ಕಡೆಯವ್ರು ಬಂದು ಗಾಡಿ ನೋಡ್ಬೇಕು, ಬೆಲೆ ಕಟ್ಬೇಕು, ದಾಖಲೆ ತಾಳೆ ಹಾಕ್ಬೇಕು. ಎರಡು ವಾರ ಹಿಡಿಯುತ್ತೆ ಮೇಡಂ. ಪರ್ಸನಲ್ ಲೋನ್ ನಿಮ್ಮ ಸಂಬಳ ನೋಡಿ ಕೊಡೋದು. ನಾಡಿದ್ದೇ ಅಕೌಂಟಿಗೆ ಬರುತ್ತೆ."

ಬಡ್ಡಿ, ಖರ್ಚು ಎಲ್ಲ ಸೇರಿಸಿದರೆ ಕಾರಿನ ಸಾಲದ್ದು ಒಂದು ಲಕ್ಷ ಹದಿನಾರೂವರೆ ಸಾವಿರ, ಪರ್ಸನಲ್ ಲೋನಿನದು ಒಂದು ನಲವತ್ತೆರಡು, ಮಾರುವವನದು ಒಂದು ಅರವತ್ತೈದು. ಅಗ್ಗ ಯಾವುದು ಎಂದು ಮಗುವೂ ಹೇಳೀತು. ಆದರೆ ಎರಡು ವಾರ ಕಾಯುವಂತಿರಲಿಲ್ಲ.

ಆದರೂ ಮನಸ್ಸು ತಡೆಯದೆ ಮಾರುವವನಿಗೆ ಫೋನು ಹಚ್ಚಿ, ಬ್ಯಾಂಕಿನವರು ಗಾಡಿ ನೋಡಲು ಬರುತ್ತಾರೆ, ಸ್ವಲ್ಪ ಬೇಗ ಮುಗಿಸಿಕೊಡುವಂತೆ ಕೇಳಿಕೊಳ್ಳುತ್ತೇನೆ ಎಂದಳು. 

"ಅವರೆಲ್ಲ ಯಾಕಕ್ಕಾ, ಸುಮ್ನೆ ರಗಳೆ," ಎಂದ ಅವನು. "ನಮ್ಮ ಫೈನಾನ್ಸ್ ಬೇಡಾಂದ್ರೆ ಬಿಡಿ. ನಾಡಿದ್ದು ಪೂರ್ತಿ ದುಡ್ಡು ಕೊಡಿ, ಹದಿನೈದು ಸಾವಿರ ಬಿಟ್ಕೊಡ್ತೀನಿ. ಇನ್ನೊಬ್ರು ಸಂಜೆ ಬರ್ತೀನಿ ಅಂದಿದಾರೆ, ನಿಮ್ಮ ಮುಖ ನೋಡಿ ತಡೆದಿದೀನಿ."

ಲಾಭ ತರುವ ಫೈನಾನ್ಸನ್ನೂ ಬಿಟ್ಟು, ಬೆಲೆಯನ್ನೂ ಇಳಿಸುವ ವ್ಯಾಪಾರಿ ಯಾವ ಲೋಕದಲ್ಲಿದ್ದಾನೆ? ಆದರೆ ಲೆಕ್ಕದಕ್ಕನ ತಲೆ ಆಗಲೇ ಹದಿನೈದು ಸಾವಿರವನ್ನು ಕಳೆಯುತ್ತಿತ್ತು. ಬ್ಯಾಂಕಿನ ಎರಡು ಸಾಲಗಳ ನಡುವಿನ ವ್ಯತ್ಯಾಸ ಇಪ್ಪತ್ತೈದೂವರೆ ಸಾವಿರ. ಹದಿನೈದು ಹೋದರೆ ಉಳಿದದ್ದು ಹತ್ತೂವರೆ. ಅಷ್ಟಕ್ಕೆ ರೂಟು ಕೈಗೆ ಬರುತ್ತದೆ, ಕಾರಿನ ಮೇಲೆ ಬ್ಯಾಂಕಿನ ಹಿಡಿತವೂ ಇರುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಒಂದು ಪೈಸೆ ಆಚೀಚೆ ಇರಲಿಲ್ಲ.

ಅವಳು ಸಂಜೆ ಹೇಳಿದ್ದನ್ನೆಲ್ಲ ಗಂಡ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡ.

"ಬ್ಯಾಂಕಿನವ್ರು ಬಂದು ನೋಡಿದ್ರೆ ಅವನಿಗೇನು ಕಷ್ಟ?" ಎಂದ.

"ನಿಮಗೆ ಎಲ್ಲಾದ್ರಲ್ಲೂ ಅನುಮಾನ. ಕೂಡಿಸಿ ನೋಡ್ರೀ, ಆಮೇಲೆ ಮಾತಾಡಿ."

ಅವನು ಕೂಡಿಸಲಿಲ್ಲ. ಮತ್ತೆ ಹೊಲಿಗೆಗೆ ಬಗ್ಗಿದ.

ಅವಳು ಪರ್ಸನಲ್ ಲೋನು ತೆಗೆದು ಪೂರ್ತಿ ದುಡ್ಡು ಕಟ್ಟಿದಳು. ಕಾರು ಕೊಡುವಾಗ ಮಾರುವವನ ಬಳಿ ಕೀ ಒಂದೇ ಇತ್ತು. ಇನ್ನೊಂದನ್ನು ಹಳೇ ಓನರ್ ಕಳಿಸುತ್ತಾನೆ ಎಂದ. ನೋಂದಣಿ ಪತ್ರ ಹೆಸರು ಬದಲಾಯಿಸಲು ಹೋಗಿದೆ, ಒಂದು ತಿಂಗಳಲ್ಲಿ ಬರುತ್ತದೆ ಎಂದು ಜೆರಾಕ್ಸ್ ಕೊಟ್ಟ. ಮಸುಕು ಜೆರಾಕ್ಸಿನ ಕೆಳಗೆ ಒಂದು ಸಾಲು ಅಳಿಸಿಹೋದಂತಿತ್ತು. ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಟ್ಯೂಬಿನ ಮೇಲಿನ ಹೆಸರಿಗೆ ಹೊಂದಿಸದೆ ಸೂಜಿ ಮುಟ್ಟದವಳು ಆ ಸಾಲಿನ ಮೇಲೆ ಕಣ್ಣಾಡಿಸಿ ಮಡಚಿಟ್ಟಳು. ಮನೆಗೆ ಬರುವಾಗ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಸ ಗಾಡಿಯ ಭಯವಿರಬೇಕು ಎಂದುಕೊಂಡಳು.

ರೂಟು ಸಿಕ್ಕಿತು. ಏಳು ವಾರ ಓಡಿಸಿದಳು. ನೋಂದಣಿ ಪತ್ರ ಬರಲಿಲ್ಲ. ಮಾರುವವನು ಮೊದಲು "ನಾಳೆ" ಎಂದ, ಆಮೇಲೆ "ಮುಂದಿನ ವಾರ" ಎಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ಅಲ್ಲಿಗೇ ಹೋದರೆ ತಗಡಿನ ಬೇಲಿಯೊಳಗೆ ಎಣ್ಣೆಯ ಕಲೆಗಳಷ್ಟೇ ಇದ್ದವು. ವಿಷಯವನ್ನು ಗಂಡನಿಗೆ ಹೇಳದೆ ಮರುದಿನವೂ ಅದೇ ಕಾರಿನಲ್ಲಿ ರೂಟಿಗೆ ಹೋದಳು.

ಆಮೇಲೆ ನಾಲ್ಕೇ ದಿನ. ಮೂರನೇ ಮಹಡಿಯಲ್ಲಿ ಒಬ್ಬ ಮುದುಕಿಯ ರಕ್ತ ತೆಗೆದು ಇಳಿದು ಬರುವಷ್ಟರಲ್ಲಿ ಕಾರಿನೊಳಗೆ ಇಬ್ಬರು ಕೂತಿದ್ದರು. ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ಇನ್ನೊಂದು ಕೀ ಅವರ ಕೈಯಲ್ಲಿತ್ತು.

"ಹಳೇ ಓನರ್ ಹನ್ನೊಂದು ತಿಂಗಳಿಂದ ಕಂತು ಕಟ್ಟಿಲ್ಲಮ್ಮ," ಎಂದ ಒಬ್ಬ, ತನ್ನ ಫೈನಾನ್ಸ್ ಕಂಪನಿಯ ಪತ್ರ ತೋರಿಸುತ್ತ. ಒರಟಾಗಿಯೇನೂ ಮಾತಾಡಲಿಲ್ಲ. "ಸಾಲ ತೀರೋವರೆಗೂ ಗಾಡಿ ಮೇಲೆ ಹಕ್ಕು ನಮ್ದೇ. ತೀರದೆ ಮಾರೋ ಹಾಗೇ ಇರ್ಲಿಲ್ಲ. ನಿಮ್ಮ ಸಾಮಾನಿದ್ರೆ ತಗೊಳ್ಳಿ."

ಅವಳು ಐಸ್ ಪೆಟ್ಟಿಗೆ ಇಳಿಸಿಕೊಂಡಳು. ಒಂಬತ್ತು ಜನರ ರಕ್ತ ಅದರೊಳಗಿತ್ತು. ಆಟೋ ಹಿಡಿದು ಹೊತ್ತಿಗೆ ಸರಿಯಾಗಿ ಲ್ಯಾಬಿಗೆ ಮುಟ್ಟಿಸಿದಳು. ಡಾಕ್ಟರು ಕೇಳಿ ಲೊಚಗುಟ್ಟಿದರು. ಸಂಜೆಯೊಳಗೆ ರೂಟು ಬೇರೆಯವರದಾಯಿತು.

ಪೊಲೀಸರು ದೂರು ಬರೆದುಕೊಂಡರು. ಮರುದಿನ ಗಂಡ ಹೆಂಡತಿ ಬ್ಯಾಂಕಿಗೆ ಹೋದರು. ಕನ್ನಡಕದಾಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

"ನಮ್ಮವ್ರು ಬಂದಿದ್ರೆ ಮೊದಲ್ನೇ ದಿನವೇ ಗೊತ್ತಾಗ್ತಿತ್ತು ಮೇಡಂ. ಸಾಲ ಕೊಟ್ಟ ಕಂಪನಿಯ ಹೆಸರು ನೋಂದಣಿ ಪತ್ರದಲ್ಲೇ ಇರುತ್ತೆ."

"ಆ ಕಾರೇ ಇಲ್ಲ ಈಗ," ಎಂದಳು ಲೆಕ್ಕದಕ್ಕ. "ನಲವತ್ತಾರು ಕಂತು ಬಾಕಿ ಇದೆ. ಏನಾದ್ರೂ ಮಾಡಿ."

ಆಕೆಗೆ ನಿಜಕ್ಕೂ ಮರುಕವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು.

"ನಾವು ಕಾರಿಗೆ ಸಾಲ ಕೊಟ್ಟಿಲ್ಲ ಮೇಡಂ," ಎಂದಳು ಮೆಲ್ಲಗೆ. "ನಿಮಗೆ ಕೊಟ್ಟಿರೋದು. ಕಂತು ಐದನೇ ತಾರೀಖು."

ಹೊರಗೆ ಬಂದ ಮೇಲೆ ಗಂಡ ಅವಳ ಕೈ ಹಿಡಿದುಕೊಂಡ. ಐದನೇ ತಾರೀಖಿಗೆ ಇನ್ನೆಷ್ಟು ದಿನ ಎಂದು ಅವನು ಕೇಳಿದ. ಲೆಕ್ಕದಕ್ಕ ಬೆರಳು ಮಡಚಿ ಎಣಿಸತೊಡಗಿದಳು.